ಕಾಂತರಾಜು ಉಳಿಸಿಹೋದ ಎಂಟು ಗಂಟೆ

ಹಾಸನದ ಆ ಬಿತ್ತನೆ ಆಲೂಗಡ್ಡೆ ಲ್ಯಾಬಿನಲ್ಲಿ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಯಾವಾಗ ಬೇಕಾದರೂ ಬರಬಹುದು. ಸ್ವಾತಂತ್ರ್ಯವೇ ಸರಿ, ಲೆಕ್ಕ ಮಾತ್ರ ತಪ್ಪುವುದಿಲ್ಲ. ದಿನಕ್ಕೆ ಎಂಟು ಗಂಟೆ ಮೀರಿ ದುಡಿದದ್ದು ಜಮಾ, ಕಡಿಮೆಯಾದದ್ದು ಬಾಕಿ. ತಿಂಗಳ ಕೊನೆಗೆ ಎರಡೂ ಹತ್ತು ಗಂಟೆಯ ತನಕ ಮುಂದಿನ ತಿಂಗಳಿಗೆ ಹೋಗುತ್ತವೆ. ಜಮಾ ಅದಕ್ಕೂ ಮೀರಿದರೆ ಮೀರಿದ್ದು ಗಾಳಿಗೆ. ಬಾಕಿ ಮೀರಿದರೆ ಮೂರು ತಿಂಗಳು ಎಂಟಕ್ಕೇ ಹಾಜರು.

ಈ ಲೆಕ್ಕ ನೋಡುವ ರುದ್ರೇಶನ ಮುಂದೆ ತಿಂಗಳ ಕೊನೆಯ ಮಧ್ಯಾಹ್ನ ನಿಸರ್ಗ ನಿಂತಿದ್ದಳು. ತೀರಿಕೊಂಡ ಕಾಂತರಾಜುವಿನ ಮಗಳು. ಅಪ್ಪನ ಜಾಗಕ್ಕೆ ಬಂದು ತಿಂಗಳಾಗಿತ್ತು.

"ಹನ್ನೊಂದು ಗಂಟೆ ಬಾಕಿ ಅಂತ ತೋರಿಸ್ತೈತೆ ಸಾ. ಜಿನನಾಥಪುರದಿಂದ ಬಂದು, ಪಟ್ಟಣದಲ್ಲಿ ಬಸ್ ಬದಲಾಯಿಸಿ, ಎಂಟಕ್ಕೆ ಎಂಗೆ ಬರ್ಲಿ? ಕೆಲ್ಸ ಬಿಡ್ಬೇಕಷ್ಟೆ."

ರುದ್ರೇಶ ಹುಡುಕಿದ. ಅವಳ ಮೊದಲ ದಿನ ಪೂರ್ತಿ ಗೈರು. ಅದೇ ದಿನ ಕಾಂತರಾಜು ಹಾಜರು.

"ಅಪ್ಪನ ಮುಖವೇ ಕಣಮ್ಮ ನಿಂದು. ಮುಖ ನೋಡಿ ಹಾಜರಿ ಹಾಕೋ ಬಾಗಿಲ ಮೆಷಿನ್ನು ಏಮಾರೈತೆ." ನಗಲು ನೋಡಿದ, ನಗು ಬರಲಿಲ್ಲ. ಕಾಂತರಾಜು ಕೊನೆಯ ಸಲ ಪಾಳಿಯ ಅರ್ಧಕ್ಕೇ ಎದ್ದು ಹೋಗುವಾಗ ಎಂಟು ಗಂಟೆ ಬಾಕಿ ಇತ್ತು. "ತುಂಬ್ಕೊಡ್ತೀನಿ ಕಣ್ಲಾ, ಯಾರ ಋಣಾನೂ ಇಟ್ಕೊಳಲ್ಲ" ಅಂದಿದ್ದ. ಬಾಕಿ ಇದ್ದ ಖಾತೆ ಮುಚ್ಚಲು ಸಾಫ್ಟ್‌ವೇರು ಒಪ್ಪದೆ ಹಾಗೇ ಉಳಿದಿತ್ತು. ಸತ್ತವನಿಗೆ ದಿನಕ್ಕಿಷ್ಟು ಎಂಬ ಪಾಳಿಯಿಲ್ಲ, ಆದ್ದರಿಂದ ಮಗಳ ಎಂಟೂ ಗಂಟೆ ಅವನ ಖಾತೆಗೆ ಜಮಾ ಬಿದ್ದು ಬಾಕಿ ಸೊನ್ನೆಯಾಗಿತ್ತು. ಮರುದಿನದಿಂದ ಮೆಷಿನ್ನಿಗೆ ಅವಳ ಗುರುತು ಸರಿಯಾಗಿ ಸಿಕ್ಕಿತ್ತು.

ರುದ್ರೇಶ ಇದನ್ನೆಲ್ಲ ಅವಳಿಗೆ ಹೇಳಿ, ಆ ಎಂಟು ಗಂಟೆಯನ್ನು ಮರಳಿಸಿದ. ಅವಳ ಬಾಕಿ ಮೂರಕ್ಕೆ ಇಳಿಯಿತು, ಕಾಂತರಾಜುವಿನದು ಮತ್ತೆ ಎಂಟಾಯಿತು. ಯಾವುದಕ್ಕೂ ಇರಲಿ ಎಂದು ಮೆಷಿನ್ನಿನಿಂದ ಅವನ ಮುಖವನ್ನೇ ಅಳಿಸಿದ.

ಮಾರನೆ ಬೆಳಿಗ್ಗೆ ನಿಸರ್ಗ ಬಾಗಿಲಲ್ಲಿ ಮುಖ ಒಡ್ಡಿದಳು.

"ನಮಸ್ಕಾರ, ಕಾಂತರಾಜು," ಎಂದಿತು ಮೆಷಿನ್ನು.

ಒಳಗಿದ್ದ ರುದ್ರೇಶ ಕಾಫಿ ಕೆಳಗಿಟ್ಟ. ಪರದೆಯಲ್ಲಿ ನೋಡಿದ: ಅಳಿಸಿದ ಮುಖದ ಜಾಗ ಖಾಲಿಯೇ ಇತ್ತು. "ತಡಿ, ಈಗ್ಲೇ ಸರಿ ಮಾಡ್ತೀನಿ."

"ಬ್ಯಾಡಿ ಸಾ." ಅವಳ ಕಾಲು ಆಗಲೇ ಒಳಗೆ ಬಂದಾಗಿತ್ತು. "ನೆನ್ನೆ ತಿಂಗಳ ಕೊನೆ, ಆ ಗಂಟೆ ವಾಪಸ್ ತಗಳ್ದೆ ದಾರಿ ಇರ್ಲಿಲ್ಲ. ಇವತ್ತು ಒಂದನೇ ತಾರೀಕು. ನನ್ನ ಬಾಕಿ ತುಂಬ್ಕೊಳಕ್ಕೆ ತಿಂಗಳು ಪೂರ್ತಿ ಐತೆ. ಅಪ್ಪಂಗೆ ಎಲ್ಲೈತೆ?"

ಅವಳು ಎಂಟು ಗಂಟೆ ದುಡಿದಳು. ಅವಳ ಪಕ್ಕದ ಕುರ್ಚಿಯಲ್ಲಿ ಆ ದಿನ ಯಾರೂ ಕೂರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ.

ಸಂಜೆ ಅವಳು ಇನ್ನೂ ಬ್ಯಾಗು ಹೆಗಲಿಗೇರಿಸುತ್ತಿದ್ದಳು. ಬಾಗಿಲ ಬಳಿ ಯಾರೂ ಇರಲಿಲ್ಲ.

"ಹೋಗಿ ಬನ್ನಿ, ಕಾಂತರಾಜು," ಎಂದಿತು ಮೆಷಿನ್ನು.

ಪರದೆಯಲ್ಲಿ ಬಾಕಿ ಸೊನ್ನೆಯಾಯಿತು. ದೊಡ್ಡವರು ಎದ್ದು ಹೊರಟಾಗ ಏಳುವಂತೆ ರುದ್ರೇಶ ಕುರ್ಚಿಯಿಂದ ಎದ್ದು ನಿಂತ. ಆಮೇಲೆ ಖಾತೆ ಮುಚ್ಚಿದ. ಈ ಸಲ ಅದು ತಕರಾರಿಲ್ಲದೆ ಮುಚ್ಚಿಕೊಂಡಿತು.