ಮೇಲೆ ನೋಡಿ

ಕಿವಿ ಕೇಂದ್ರಕ್ಕೆ ಬರುವ ತಾಯಂದಿರೆಲ್ಲ ಕೌಂಟರಿನಲ್ಲಿ ಕೂರುವ ಅವಳನ್ನು ಕೌಂಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಕಿವಿಗೆ ಮೆಷಿನ್ ಹಾಕಿಸಿಕೊಂಡ ಪುಟ್ಟ ಮಕ್ಕಳ ಮನೆಯವರಿಗಾಗಿ ಫೋನಿನಲ್ಲಿ ಗ್ರೂಪ್ ಮಾಡಿದ್ದವಳು ಅವಳೇ. ಎರಡು ವರ್ಷದಿಂದ ಅದನ್ನು ನಡೆಸುತ್ತಿದ್ದವಳೂ ಅವಳೇ. ಮಕ್ಕಳ ಕಿವಿ ಪರೀಕ್ಷಿಸುವ ಮೇಡಂ ಅದರೊಳಗೆ ಇಣುಕುತ್ತಿದ್ದುದು ಅಪರೂಪ.

"ಸೋಮವಾರ ಎಂಟು ಹೊಸ ಮಕ್ಕಳು ಬರ್ತಾರೆ," ಎಂದರು ಮೇಡಂ. "ಅದೇ ಪ್ರಶ್ನೆ, ಅದೇ ಉತ್ತರ, ನಿಮಗೂ ಸಾಕಾಗಿರುತ್ತೆ. ಗ್ರೂಪಲ್ಲಿ ಇರೋದನ್ನೆಲ್ಲ ಆರಿಸಿ, ನಂಬರ್ ಹಾಕಿ, ಒಂದು ಪಟ್ಟಿ ಮಾಡಿಕೊಡಿ. ಉತ್ತರಗಳನ್ನ ನಾನೊಮ್ಮೆ ನೋಡ್ತೀನಿ."

"ಅಯ್ಯೋ ಮೇಡಂ, ಅದೇನು ಮಹಾ! ಎಲ್ಲ ನನ್ನ ಬಾಯಲ್ಲೇ ಇದೆ," ಎಂದಳು ಅವಳು.

ಬಾಯಲ್ಲಿರುವುದು ಬೇರೆ, ಗ್ರೂಪಿನಲ್ಲಿರುವುದು ಬೇರೆ ಎಂದು ಮಾತುಕತೆಯನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಗೊತ್ತಾಯಿತು. ಶುಭೋದಯಗಳನ್ನೂ ಹುಟ್ಟುಹಬ್ಬದ ಹಾರೈಕೆಗಳನ್ನೂ ಅಳಿಸಲಿಕ್ಕೇ ಅರ್ಧ ದಿನ ಹಿಡಿಯಿತು. ಆಮೇಲೆ ಒಂದೊಂದೇ ಪ್ರಶ್ನೆಯನ್ನು ಎತ್ತಿ, ಪಕ್ಕದಲ್ಲಿ ಕೇಳಿದವರು, ತಾರೀಖು, ಉತ್ತರ, ಹೇಳಿದವರು ಎಂದು ಬರೆಯುತ್ತ ಹೋದಳು. ಒಬ್ಬರು "ಸೆಲ್ ಎಷ್ಟು ದಿನ ಬರುತ್ತೆ?" ಎಂದಿದ್ದರು. ಇನ್ನೊಬ್ಬರು "ಮೆಷಿನ್ ವಾರಕ್ಕೇ ಸತ್ತುಹೋಯ್ತಲ್ಲ" ಎಂದಿದ್ದರು. ಎರಡೂ ಒಂದೇ ಪ್ರಶ್ನೆ. ಒಂದು ಕಡೆ ಬರೀ "ಹೌದು, ಒಣಗಿದ ಮೇಲೆ" ಎಂದಿತ್ತು. ಅದರ ಮೇಲೆ ಸಾಲಾಗಿ ಮೂರು ಪ್ರಶ್ನೆ. ಆ ಹೌದು ಯಾವುದಕ್ಕೆ ಎಂದು ತಿಳಿಯಲು ಫೋನು ತೆಗೆದು ನೋಡಬೇಕಾಯಿತು. ಕೇಂದ್ರದ ವೇಳೆ ನಾಲ್ಕು ಸಲ ಬದಲಾಗಿತ್ತು. ಕೊನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಹೊಡೆದುಹಾಕಿದಳು.

ಸಂಜೆಯ ಹೊತ್ತಿಗೆ ಐದು ಗುಂಪುಗಳಾದವು. ಹಾಕುವುದು ತೆಗೆಯುವುದು, ಸೆಲ್, ಒರೆಸುವುದು, ಶಬ್ದ, ಕೇಂದ್ರಕ್ಕೆ ಬರುವುದು. ಮೊದಲ ಗುಂಪಿನವಕ್ಕೆ 1.1, 1.2, ಮುಂದಿನದಕ್ಕೆ 2.1. ತಲೆ ಬಾಚಿ ಜಡೆ ಹಾಕಿದ ಹಾಗೆ ಕಾಣತೊಡಗಿದ ಪಟ್ಟಿ ನೋಡಿ ಅವಳಿಗೆ ಹೆಮ್ಮೆಯೇ ಆಯಿತು.

ತೊಡಕು ಬಂದದ್ದು 4.1ರಲ್ಲಿ. "ಮೆಷಿನ್ ಕುಂಯ್ ಅಂತಿದೆ, ಏನು ಮಾಡೋದು?" ಈ ಪ್ರಶ್ನೆ ಒಂಬತ್ತು ಸಲ ಬಂದಿತ್ತು. ಉತ್ತರದ ಜಾಗದಲ್ಲಿ ಅವಳದೇ ಮಾತು: "ಆಗಲೇ ಹೇಳಿದೆ, ಮೇಲೆ ನೋಡಿ." ಮೇಲೆ ಹೋದಳು. ಅಲ್ಲೂ "ಮೇಲೆ ನೋಡಿ." ಇನ್ನೂ ಮೇಲೆ "ಎಷ್ಟು ಸಲ ಹೇಳಲಿ? ಮೇಲೆ ನೋಡಿ." ಎಂಟು ಸಲ ಹಾಗೇ ಹತ್ತಿ ಹೋದಳು. ಎಲ್ಲಕ್ಕಿಂತ ಮೇಲಿದ್ದುದು ಅವಳ ಮಾತೇ ಅಲ್ಲ. ಮಗುವೊಂದರ ಅಜ್ಜರು ಬರೆದದ್ದು: "ವಾಲ್ಯೂಮ್ ಇಳಿಸಿಬಿಡಿ, ನಿಂತುಹೋಗುತ್ತೆ."

ನಿಲ್ಲುತ್ತದೆ, ನಿಜ. ಆದರೆ ಮಗುವಿನ ಕಿವಿ ಬೆಳೆದು, ಮೆಷಿನ್ನಿನ ತುದಿಯಲ್ಲಿ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾದಾಗ ಶಬ್ದ ಸಂದಿಯಿಂದ ಹೊರಗೆ ಸೋರಿ ಮೆಷಿನ್ ಕೂಗುತ್ತದೆ. ಹೊಸ ಅಚ್ಚು ಮಾಡಿಸಬೇಕು. ವಾಲ್ಯೂಮ್ ಇಳಿಸಿದರೆ ಕೂಗೂ ಕೇಳುವುದಿಲ್ಲ, ಮಗುವಿಗೆ ಮಾತೂ ಕೇಳುವುದಿಲ್ಲ. ಕೌಂಟರಿಗೆ ಬಂದು ಕೇಳಿದವರಿಗೆ ಅವಳು ಇದನ್ನು ನೂರು ಸಲ ಹೇಳಿದ್ದಳು. ಗ್ರೂಪಿನಲ್ಲೂ ಹೇಳಿದ್ದೇನೆಂದೇ ನಂಬಿಕೊಂಡಿದ್ದಳು.

ಫೋನು ತೆಗೆದಳು. ಅಜ್ಜರ ಮಾತಿನ ಕೆಳಗೆ ಸರಿ ಎನ್ನುವ ಒಂದು ಹೆಬ್ಬೆರಳಿನ ಗುರುತು. ಒತ್ತಿ ನೋಡಿದರೆ ಅವಳದೇ ಹೆಸರು.

ನೋಡಿದೆ ಎನ್ನುವುದಕ್ಕೆ ಒತ್ತಿದ್ದು ಅದು. ಒಲೆಯ ಮುಂದೆ ನಿಂತು, ಒಂದು ಕೈಯಲ್ಲಿ ಸೌಟು ಹಿಡಿದು, ಎಲ್ಲದಕ್ಕೂ ಒತ್ತುತ್ತಿದ್ದ ಹಾಗೆ. ಕಂಪ್ಯೂಟರಿಗೆ ಇಳಿದ ಬರಹದಲ್ಲಿ ಹೆಬ್ಬೆರಳುಗಳು ಬಂದಿರಲಿಲ್ಲ. 4.1ಕ್ಕೆ ಸರಿಯಾದ ಉತ್ತರ ಬರೆದುಬಿಟ್ಟರೆ ಮುಗಿಯಿತು, ಮೇಡಂಗೆ ಏನೂ ತಿಳಿಯುವುದಿಲ್ಲ. ಹಾಗೇ ಬರೆದಳು. ಹೆಬ್ಬೆರಳನ್ನು ಅಳಿಸಲು ಬೆರಳನ್ನು ಫೋನಿನ ಮೇಲೆ ಇಟ್ಟಳು ಕೂಡ.

ಅಷ್ಟರಲ್ಲಿ ಕೇಳಿದವರ ಸಾಲಿನ ಮೇಲೆ ಕಣ್ಣು ಹೋಯಿತು. ಒಂಬತ್ತರಲ್ಲಿ ಮೂರು ಸಲ ಒಬ್ಬಳೇ, ಇಸ್ತ್ರಿ ಅಂಗಡಿಯವಳು. ಕೊನೆಯ ಸಲ "ಕ್ಷಮಿಸಿ ಅಕ್ಕ, ಸರಿಯಾಗಿ ಓದಕ್ಕೆ ಬರಲ್ಲ, ಇನ್ನೊಮ್ಮೆ ಹೇಳ್ತೀರಾ?" ಎಂದು ಕೇಳಿದ್ದಳು. ಅದಕ್ಕೂ ಮೇಲೆ ನೋಡಿ. ಆಮೇಲೆ ಮೂರು ತಿಂಗಳಿಂದ ಅವಳು ಗ್ರೂಪಿನಲ್ಲಿ ಒಂದಕ್ಷರ ಬರೆದಿರಲಿಲ್ಲ.

ಕೌಂಟರ್ ಅಕ್ಕನ ಕಿವಿ ಬಿಸಿಯಾಯಿತು. ಬೆರಳು ತೆಗೆದು ಇಸ್ತ್ರಿ ಅಂಗಡಿಯವಳಿಗೆ ಫೋನು ಮಾಡಿದಳು.

"ಪುಟ್ಟಿ ಮೆಷಿನ್ ವಾಲ್ಯೂಮ್ ಈಗ ಎಷ್ಟರಲ್ಲಿದೆಯಮ್ಮ?"

"ಒಂದರಲ್ಲಿ ಅಕ್ಕ. ಮೊದಲು ಮೂರರಲ್ಲಿತ್ತು. ನೀವು ಹೇಳ್ದಂಗೇ ಪಕ್ಕದ ಮನೆ ಹುಡುಗಿ ಕೈಲಿ ಮೇಲಿರೋದನ್ನ ಓದಿಸ್ದೆ. ಈಗ ಕೂಗೋದೇ ಇಲ್ಲ!"

ಮರುದಿನ ಬೆಳಿಗ್ಗೆ, ಅಕ್ಕ ಕರೆದಿದ್ದಕ್ಕೆ, ಇಸ್ತ್ರಿ ಅಂಗಡಿಯವಳು ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮೇಡಂ ಮಗುವಿನ ಕಿವಿಗೆ ಹಿಟ್ಟಿನಂಥ ಮೆತ್ತನೆಯದನ್ನು ತುಂಬಿ ಹೊಸ ಅಚ್ಚಿಗೆ ಅಳತೆ ತೆಗೆದರು. "ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಅವರು ಗದರಿದಾಗ ತಾಯಿ ತಲೆ ತಗ್ಗಿಸಿ ನಿಂತಳು.

"ನಂದೇ ತಪ್ಪು ಮೇಡಂ. ಗ್ರೂಪಲ್ಲಿ ಕೇಳಿ ಕೇಳಿ ಅಕ್ಕಂಗೂ ಬೇಜಾರು ಮಾಡ್ದೆ."

ಬಾಗಿಲಲ್ಲಿ ನಿಂತಿದ್ದ ಕೌಂಟರ್ ಅಕ್ಕನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಈಗ ಸುಮ್ಮನಿದ್ದರೆ ತನ್ನ ತಪ್ಪು ಆ ತಗ್ಗಿದ ತಲೆಯ ಮೇಲೆಯೇ ಕೂತುಬಿಡುತ್ತದೆ.

"ಅವಳದಲ್ಲ ಮೇಡಂ," ಎಂದಳು. "ಗ್ರೂಪಲ್ಲಿ ಮೇಲಿದ್ದ ಉತ್ತರವೇ ತಪ್ಪು. ಅದಕ್ಕೆ ಹೆಬ್ಬೆರಳು ಒತ್ತಿದವಳು ನಾನು. ಓದದೇನೇ ಎಲ್ಲರನ್ನೂ ಅಲ್ಲಿಗೇ ಕಳಿಸಿದವಳೂ ನಾನೇ."

ಮೇಡಂ ಕೈಗವಸು ಕಳಚುತ್ತಿದ್ದವರು ನಿಂತರು. ಕೈಗವಸನ್ನು ಬುಟ್ಟಿಗೆ ಹಾಕಿ, ಅಳತೆಯ ಮೇಲೆ ಮಗುವಿನ ಹೆಸರು ಬರೆದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಇಸ್ತ್ರಿ ಅಂಗಡಿಯವಳು ಮಗಳ ಕಿವಿಯ ಹಿಂದಿನ ಕೂದಲನ್ನು ಸರಿಸುತ್ತ ಮೆಲ್ಲಗೆ ಅಂದಳು: "ಕೂಗಿದ್ರೂ ತಿರುಗಿ ನೋಡಲ್ಲ ಅಂತ ಹೊಡೆದಿದೀನಿ ಅಕ್ಕ. ಹಟಮಾರಿ ಅಂದ್ಕೊಂಡೆ."

"ಪರವಾಗಿಲ್ಲ ಬಿಡಿ" ಎಂಬ ಮಾತು ಆ ತಾಯಿಯ ಬಾಯಿಂದ ಬರಲಿಲ್ಲ. ಬರಬೇಕು ಎಂದು ಬಯಸಿದ್ದಕ್ಕೂ ಕೌಂಟರ್ ಅಕ್ಕನಿಗೆ ನಾಚಿಕೆಯಾಯಿತು.

ಮಧ್ಯಾಹ್ನ ಮೇಡಂ ಪಟ್ಟಿ ಓದಿ, ಎರಡು ಕಡೆ ತಿದ್ದಿ, 4.1ರ ಮೇಲೆ ಪೆನ್ನು ಊರಿದರು. "ಉತ್ತರ ಸರಿಯಾಗಿದೆ. ಆದರೆ ಹಳೇದನ್ನ ನಂಬಿಕೊಂಡು ಇನ್ನೂ ಯಾರು ಯಾರು ಇಳಿಸಿದಾರೋ?"

"ಕೇಳ್ತೀನಿ ಮೇಡಂ."

ಪಟ್ಟಿಯನ್ನು ಗ್ರೂಪಿಗೆ ಹಾಕಿ, ಎಲ್ಲಕ್ಕಿಂತ ಮೇಲೆ ಕಾಣುವಂತೆ ಅಂಟಿಸಿದಳು. ಅದರ ಕೆಳಗೆ, ನಾಲ್ಕು ಸಲ ಬರೆದು ಅಳಿಸಿ, ಕೊನೆಗೆ ಬರೆದಳು: "4.1 ಎಲ್ಲರೂ ಓದಿ. ವಾಲ್ಯೂಮ್ ಇಳಿಸಿ ಎಂಬ ಹಳೆಯ ಉತ್ತರ ತಪ್ಪು. ಅದನ್ನು ಸರಿ ಎಂದು ತೋರಿಸಿದವಳು ನಾನು. ಅಜ್ಜರದೇನೂ ತಪ್ಪಿಲ್ಲ. ಯಾರಾದರೂ ಇಳಿಸಿದ್ದರೆ ದಯವಿಟ್ಟು ಹೇಳಿ." ಓದಲು ಬಾರದವರಿಗೆಂದು ಅದನ್ನೇ ತನ್ನ ದನಿಯಲ್ಲೂ ಹೇಳಿ ಕಳಿಸಿದಳು.

ಮೊದಲು ಒಂದು ಉತ್ತರ ಬಂತು: "ನಾವೂ ಇಳಿಸಿದೀವಿ ಅಕ್ಕ." ಅದರ ಬೆನ್ನಿಗೇ ಇನ್ನೊಂದು. ಮೂರನೆಯವರು, "ಹೊಸ ಅಚ್ಚು ಬರೋವರೆಗೂ ಎಷ್ಟರಲ್ಲಿ ಇಡೋದು?" ಎಂದು ಕೇಳಿದರು.

ಅವಳ ಹೆಬ್ಬೆರಳು ಅಭ್ಯಾಸಬಲದಿಂದ ಫೋನಿನ ಮೇಲಕ್ಕೆ ಹೋಯಿತು. ಅದನ್ನು ಮಡಿಚಿಕೊಂಡಳು. ಚೀಟಿಯಲ್ಲಿ ಆ ಹೊಸ ಪ್ರಶ್ನೆಯನ್ನು 4.2 ಎಂದು ಬರೆದು, ಪಕ್ಕದಲ್ಲಿ ಆ ಮೂವರ ಮಕ್ಕಳ ಹೆಸರು ಬರೆದುಕೊಂಡು, ಎದ್ದು ಮೇಡಂ ಕೋಣೆಯ ಬಾಗಿಲು ತಟ್ಟಿದಳು.