ಹೆಬ್ಬೆರಳಿನ ಉತ್ತರ

ಸೋಮವಾರ ಬೆಳಿಗ್ಗೆ ಅವಳು ಕೈಚೀಲ ಕೆಳಗಿಡುವ ಮೊದಲೇ ಕಂಪನಿಯ ಯಜಮಾನರ, ಅಂದರೆ ಎಲ್ಲರೂ ಕರೆಯುವಂತೆ ‘ದೊಡ್ಡವರ’, ಮೆಸೇಜು ಬಂದು ಕೂತಿತ್ತು. ‘ನಮ್ಮ ಡೇಟಾವನ್ನು ಆಳವಾಗಿ ವಿಶ್ಲೇಷಿಸಿ, ಗುರುವಾರದ ಮೀಟಿಂಗಿಗೆ ಒಳನೋಟಗಳನ್ನು ತನ್ನಿ.’ ಅಷ್ಟೇ. ಕೆಳಗೆ ಫೈಲು ಏನಾದರೂ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಸಭೆಯಲ್ಲಿ ಏನು ತೀರ್ಮಾನವಾಗಬೇಕಿದೆ ಎಂಬ ಸುಳಿವೂ ಇರಲಿಲ್ಲ. ‘ಆಳವಾಗಿ’ ಎಂಬ ಪದವೊಂದು ಮಾತ್ರ ದಪ್ಪ ಅಕ್ಷರದಲ್ಲಿತ್ತು.

ಅದು ಕನ್ನಡಕ ಮಾರುವ ಕಂಪನಿ. ಊರಿನ ಬೇರೆ ಬೇರೆ ಕಡೆ ಅಂಗಡಿಗಳು. ಈ ಕಟ್ಟಡದಲ್ಲಿ ಕೆಳಗೆ ಗಾಜು ಉಜ್ಜುವ ಕಾರ್ಖಾನೆ, ಮೇಲೆ ಆಫೀಸು. ದಿನವಿಡೀ ನೆಲದಡಿಯಿಂದ ಯಂತ್ರಗಳ ಕೊರಕೊರ ಸದ್ದು. ಮೇಲಿನವರು ಅದಕ್ಕೆ ಹೊಂದಿಕೊಂಡು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಅವಳ ಕೆಲಸ ಅಂಗಡಿಗಳಿಂದ ಬರುವ ಅಂಕಿಗಳನ್ನು ಓದಿ ಅರ್ಥ ಹೇಳುವುದು. ಅದಕ್ಕೇ ಎಲ್ಲರ ಬಾಯಲ್ಲಿ ಅವಳು ‘ಲೆಕ್ಕದಕ್ಕ’.

ಲೆಕ್ಕದ ವಿಭಾಗದ ಮ್ಯಾನೇಜರ್ ಹೋದ ತಿಂಗಳು ನಿವೃತ್ತರಾಗಿದ್ದರು. ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿ ಇತ್ತು. ಅವರು ಇದ್ದಾಗಲೂ ಅವರ ಕೆಲಸ ಮಾಡುತ್ತಿದ್ದದ್ದು ಇವಳೇ. ಅವರು ಮುಖ್ಯವಾಗಿ ಕೂತು ಆ ಕುರ್ಚಿಯನ್ನು ಬೆಚ್ಚಗಿಡುತ್ತಿದ್ದರು. ಅದು ತನಗೆ ಬರಬೇಕು ಎಂದು ಅವಳಿಗೆ ಆಸೆ. ಆಸೆ ಎನ್ನುವುದಕ್ಕಿಂತ ಹಸಿವು ಎನ್ನಬೇಕು. ನಲವತ್ತೊಂಬತ್ತರ ಹೆಂಗಸು ಒಂದು ಕುರ್ಚಿಗಾಗಿ ಹೀಗೆ ಬಾಯಿ ಬಿಡುವುದೇ ಎಂದು ನಾಚಿಕೆಯಾಗಿ, ಯಾರೂ ಇಲ್ಲದಾಗ ಮಾತ್ರ ಅದರ ಕಡೆ ನೋಡುತ್ತಿದ್ದಳು.

ಅವಳು ವಿನಯದಿಂದಲೇ ಉತ್ತರ ಬರೆದಳು. ಯಾವ ಡೇಟಾ ಸರ್, ಮಾರಾಟದ್ದೋ, ದೂರಿನದ್ದೋ, ಗಾಜು ಮತ್ತೆ ಮಾಡಿಕೊಟ್ಟದ್ದೋ? ಅದರ ಒಂದೊಂದು ಕಾಲಮ್ಮಿನ ಅರ್ಥ ಏನೆಂದು ಯಾರಿಂದ ತಿಳಿಯಬೇಕು? ಇದನ್ನು ನೋಡಿ ನೀವು ಏನನ್ನು ತೀರ್ಮಾನಿಸಬೇಕೆಂದಿದ್ದೀರಿ?

ಮಧ್ಯಾಹ್ನ ಉತ್ತರ ಬಂತು. ಮೇಲೆತ್ತಿದ ಹಳದಿ ಹೆಬ್ಬೆರಳಿನ ಒಂದು ಚಿತ್ರ.

ಮೂರು ಪ್ರಶ್ನೆಗೆ ಒಂದು ಹೆಬ್ಬೆರಳು. ಅವಳು ಅದನ್ನು ಹಿಡಿದುಕೊಂಡು ದೊಡ್ಡವರ ಸೆಕ್ರೆಟರಿಯ ಬಳಿ ಹೋದಳು. ಆ ಕಂಪನಿಯ ಪದ್ಧತಿಯೇ ಅದು: ದೊಡ್ಡವರನ್ನು ಯಾರೂ ಏನೂ ಕೇಳುವುದಿಲ್ಲ, ಸೆಕ್ರೆಟರಿಯನ್ನು ಕೇಳಿ, ಅವಳು ಊಹಿಸಿದ್ದರ ಮೇಲೆ ತಾವೊಂದಿಷ್ಟು ಊಹಿಸಿ ಕೆಲಸ ಶುರುಮಾಡುತ್ತಾರೆ. ಸರಿಹೋದರೆ ‘ಅವರ ಮನಸ್ಸು ಅರ್ಥ ಮಾಡ್ಕೊಂಡ’ ಎಂಬ ಹೆಸರು. ತಪ್ಪಿದರೆ ಇನ್ನೊಂದು ಊಹೆ.

“ಏನ್ ಬೇಕಂತೆ ಕಣೇ ಇವರಿಗೆ?”

ಸೆಕ್ರೆಟರಿ ಉಗುರು ನೋಡಿಕೊಂಡಳು. “ಶನಿವಾರ ಯಾವ್ದೋ ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತವನು ‘ನಮ್ಮ ಕಂಪನೀಲಿ ಎಲ್ಲಾ ಡೇಟಾ ನೋಡೇ ಮಾಡೋದು’ ಅಂದ್ನಂತೆ. ಅವತ್ತಿಂದ ಹೊಟ್ಟೇಲಿ ಏನೋ ಆಗ್ತಿದೆ ಇವರಿಗೆ.”

“ಅಜೀರ್ಣ ಆದ್ರೆ ಡಾಕ್ಟರ ಹತ್ರ ಹೋಗ್ಬೇಕು.”

“ಡಾಕ್ಟರಾದ್ರೂ ಎಲ್ಲಿ ನೋವು ಅಂತ ಕೇಳ್ತಾರೆ. ನೀನು ಕೇಳೋ ಹಾಗಿಲ್ಲ, ಅಷ್ಟೇ ವ್ಯತ್ಯಾಸ.” ಆಮೇಲೆ ದನಿ ತಗ್ಗಿಸಿದಳು. “ನೋಡು, ಕುರ್ಚಿ ಯಾರಿಗೆ ಅನ್ನೋದೂ ಗುರುವಾರಾನೇ. ಏನಾದ್ರೂ ಒಂದು ಬಣ್ಣ ಹಚ್ಚಿ ತಗೊಂಡು ಬಾ. ಬರಿಗೈಲಿ ಬರ್ಬೇಡ.”

ಸಂಜೆ ಮನೆಯಲ್ಲಿ ಅವಳು ಒಲೆಯ ಮುಂದೆ ನಿಂತು, “ರಾತ್ರಿಗೆ ಏನು ಮಾಡ್ಲಿ?” ಎಂದು ಕೇಳಿದಳು. ಗಂಡ ಟಿವಿಯಿಂದ ಕಣ್ಣು ತೆಗೆಯದೆ, “ಏನಾದ್ರೂ ಮಾಡು,” ಎಂದ. ಮಾಡಿ ಬಡಿಸಿದ ಮೇಲೆ ತಟ್ಟೆ ನೋಡಿ, “ಓ, ಇದಾ,” ಎಂದ. ಇಪ್ಪತ್ತೆರಡು ವರ್ಷದಿಂದ ಆ ‘ಓ, ಇದಾ’ ಅವಳ ಬೆನ್ನ ಹಿಂದೆಯೇ ನಡೆದುಬಂದಿತ್ತು. ಅದರ ಭಯಕ್ಕೆ ಅವಳು ಅವನ ಮುಖ, ಚಪ್ಪಲಿ ಬಿಟ್ಟ ರೀತಿ, ಕೆಮ್ಮು ಎಲ್ಲವನ್ನೂ ಓದಲು ಕಲಿತಿದ್ದಳು. ಅದನ್ನು ಜಾಣತನ ಎಂದುಕೊಂಡಿದ್ದಳು. ಇವತ್ತು ಅನ್ನ ಕಲಸುತ್ತ, ಅದು ಜಾಣತನವಲ್ಲ, ಅವನು ಬಾಯಿ ತೆರೆಯುವ ಶ್ರಮವನ್ನು ತಾನು ಹೊತ್ತದ್ದು ಅಷ್ಟೇ ಎನಿಸಿತು.

ಅತ್ತೆ ತಟ್ಟೆಯಿಂದ ತಲೆ ಎತ್ತಿ, “ಅವನಿಗೇನು ಬೇಕು ಅಂತ ಅವನಿಗೇ ಗೊತ್ತಿಲ್ಲ ಬಿಡು. ಚಿಕ್ಕವನಿದ್ದಾಗಲೂ ಹೀಗೇ, ಅಳೋದು ಮಾತ್ರ ಜೋರು,” ಎಂದರು.

“ಅಮ್ಮಾ,” ಎಂದ ಗಂಡ.

“ಏನಪ್ಪಾ? ಬೇಕಾದ್ರೆ ಹೇಳು, ಕೇಳಿಸ್ಕೋತೀವಿ.”

ಮಂಗಳವಾರ ಅವಳ ಪಕ್ಕದ ಮೇಜಿನವನು ಕುಣಿಯುತ್ತ ಬಂದ. ದೊಡ್ಡವರ ಮೆಸೇಜು ಅವನಿಗೂ ಹೋಗಿತ್ತು. ಮೂವತ್ತು ದಾಟಿದವನು, ಯಾವ ಸೆಕೆಗೂ ಟೈ ಬಿಚ್ಚದವನು. ಅದಕ್ಕೇ ಆಫೀಸಿನಲ್ಲಿ ಅವನ ಹೆಸರು ‘ಟೈ’. ಅವನ ಕಣ್ಣೂ ಆ ಕುರ್ಚಿಯ ಮೇಲೆಯೇ ಇತ್ತು. ಅವನು ಅದನ್ನು ಮುಚ್ಚಿಡುತ್ತಿರಲಿಲ್ಲ. ಊಟದ ಹೊತ್ತಿಗೆ ಹೋಗಿ ಅದರಲ್ಲೇ ಕೂರುತ್ತಿದ್ದ.

“ಅಕ್ಕಾ, ಫೈಲ್ ಸಿಕ್ತು. ಹಳೇ ಫೋಲ್ಡರಲ್ಲಿ ಇತ್ತು. ಎಲ್ಲಾ ಅಂಗಡೀದೂ ಇದೆ.”

ಅವಳು ಬಗ್ಗಿ ನೋಡಿದಳು. ಸಾವಿರಾರು ಸಾಲು. ಕಾಲಮ್ಮುಗಳ ತಲೆಯಲ್ಲಿ ಎರಡೆರಡು ಅಕ್ಷರ, ಕೆಲವಕ್ಕೆ ಅದೂ ಇಲ್ಲ. ಒಂದರಲ್ಲಿ ಸೊನ್ನೆ, ಒಂದು, ಎರಡು. ಇನ್ನೊಂದರ ತಲೆಯಲ್ಲಿ ‘ದಿನ’ ಎಂದಿತ್ತು.

“ಇದನ್ನ ಮಾಡಿದ್ಯಾರು?”

“ಯಾರೋ ಬಿಟ್ಟು ಹೋದವರು.”

“ಒಂದು ಸಾಲು ಅಂದ್ರೆ ಏನು? ಒಬ್ಬ ಗಿರಾಕೀನಾ, ಒಂದು ಕನ್ನಡಕಾನಾ? ಒಬ್ಬರೇ ಎರಡು ಮಾಡಿಸ್ಕೊಂಡ್ರೆ ಎರಡು ಸಾಲಾ? ದಿನ ಅಂದ್ರೆ ಯಾವತ್ತಿಂದ ಯಾವತ್ತಿಗೆ? ಆರ್ಡರ್ ಕೊಟ್ಟಲ್ಲಿಂದ ತಯಾರಾಗೋವರೆಗಾ, ಗಿರಾಕಿ ಬಂದು ತಗೊಂಡು ಹೋಗೋವರೆಗಾ?”

“ಅಕ್ಕಾ, ಇಷ್ಟೆಲ್ಲಾ ಯಾರು ಕೇಳ್ತಾರೆ?”

“ನಾನು ಕೇಳ್ತಿದೀನಲ್ಲ.”

“ನೀವು ಕೇಳ್ತಾನೇ ಇರಿ. ನಾನು ಚಾರ್ಟ್ ಮಾಡ್ತೀನಿ,” ಎಂದು ನಕ್ಕ. ಕೆಟ್ಟವನಲ್ಲ. ಉತ್ತರ ಬೇಕೆಂದವರಿಗೆ ಉತ್ತರ ಕೊಟ್ಟರೆ ಸಾಕು, ಪ್ರಶ್ನೆ ಯಾವುದಾದರೇನು ಎಂದು ನಂಬಿದ್ದವನು. ಅಂಥವರು ಮೇಲೇರುವುದನ್ನು ಅವಳು ಬೇಕಾದಷ್ಟು ನೋಡಿದ್ದಳು.

ಅವನು ಟೀ ಕುಡಿಯಲು ಹೋದಾಗ ಅವಳು ಆ ಫೈಲಿನ ‘ದಿನ’ದ ಕಾಲಮ್ಮನ್ನು ಒಂದೊಂದು ಅಂಗಡಿಗೂ ಬೇರೆಬೇರೆಯಾಗಿ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನೋಡಿದಳು. ಬೇಕೆಂದರೆ ತಾನೂ ಒಂದು ಸಂಜೆಯಲ್ಲಿ ಇವನಿಗಿಂತ ಚೆಂದದ ಬಣ್ಣ ಹಚ್ಚಬಲ್ಲೆ ಎಂದು ಗೊತ್ತಿತ್ತು. ಕೈ ತುರಿಸಿತು. ಕುರ್ಚಿ ಕಿಟಕಿಯ ಬಿಸಿಲಲ್ಲಿ ಮಿನುಗುತ್ತಿತ್ತು. ಬಗೆಬಗೆಯ ‘ಓ, ಇದಾ’ಗಳು ಕಿವಿಯಲ್ಲಿ ಮೊರೆದವು. ಅವಳು ಫೈಲು ಮುಚ್ಚಿದಳು. ತನ್ನ ಮೂರು ಪ್ರಶ್ನೆಗಳನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿಕೊಂಡಳು.

ಗುರುವಾರದ ಸಭೆಯಲ್ಲಿ ಟೈ ಮೊದಲು ಎದ್ದ. ಪರದೆಯ ಮೇಲೆ ನವಿಲಿನ ಗರಿಯಂತೆ ಬಣ್ಣ ಬಿಚ್ಚಿಕೊಂಡಿತು. ಕೊನೆಯಲ್ಲಿ ಒಂದು ಕಂಬ ಮಾತ್ರ ಉಳಿದವುಗಳನ್ನೆಲ್ಲ ಮೀರಿ ಕೆಂಪಗೆ ನಿಂತಿತ್ತು.

“ಬಸ್ ನಿಲ್ದಾಣದ ಅಂಗಡಿ ಸರ್. ಅಲ್ಲಿ ಒಂದು ಕನ್ನಡಕಕ್ಕೆ ಸರಾಸರಿ ನಲವತ್ಮೂರು ದಿನ ಆಗ್ತಿದೆ. ಬೇರೆ ಕಡೆ ಏಳೆಂಟು.”

ದೊಡ್ಡವರು ಮೇಜು ತಟ್ಟಿದರು. ದುಂಡುಮುಖದ, ಒಳ್ಳೆಯ ಅಂಗಿಯ ಮನುಷ್ಯ. ಏನಾದರೂ ಅರ್ಥವಾದ ಕೂಡಲೇ ಅದಕ್ಕೊಂದು ಆಜ್ಞೆ ಹೊರಡಿಸದಿದ್ದರೆ ಸಮಾಧಾನವಿಲ್ಲ. “ನೋಡಿದ್ರಾ? ಇದು ಒಳನೋಟ. ಆ ಅಂಗಡಿ ಮುಚ್ಚಿಬಿಡೋಣ.”

ಇಷ್ಟು ಹೊತ್ತೂ ಈ ವಿಶ್ಲೇಷಣೆಗೆ ತೀರ್ಮಾನವೇ ಇರಲಿಲ್ಲ. ಈಗ ಸಿಕ್ಕಿತು: ದಾರಿಯಲ್ಲಿ ಬಿದ್ದ ಛತ್ರಿಯನ್ನು ಎತ್ತಿಕೊಂಡಷ್ಟು ಸಲೀಸಾಗಿ. ಆ ಅಂಗಡಿಯಲ್ಲಿ ಆರು ಜನ ಕೆಲಸಕ್ಕಿದ್ದರು. ಪರದೆಯ ಮೇಲೆ ಅವರೆಲ್ಲ ಸೇರಿ ಒಂದು ಕೆಂಪು ಕಂಬ.

ಅವಳು ಬಾಯಿ ತೆರೆದಳು. “ಸರ್, ಆ ಕಾಲಮ್ಮಲ್ಲಿ ಮೂವತ್ತಕ್ಕಿಂತ ಮೇಲೆ ಒಂದೇ ಒಂದು ಅಂಕಿ ಇದೆ. ತೊಂಬತ್ತೊಂಬತ್ತು. ನಲವತ್ತಿಲ್ಲ, ಐವತ್ತಿಲ್ಲ, ಎಪ್ಪತ್ತಿಲ್ಲ.”

“ಅದಕ್ಕೇನೀಗ?”

“ಕನ್ನಡಕ ಹಾಗೆ ತಡ ಆಗಲ್ಲ ಸರ್. ಮೂವತ್ತು ದಿನದ ಮೇಲೆ ಎಲ್ಲರಿಗೂ ಸರಿಯಾಗಿ ತೊಂಬತ್ತೊಂಬತ್ತೇ ಆಗುತ್ತಾ? ಅದು ದಿನ ಅಲ್ಲ, ಯಾರೋ ಇಟ್ಟ ಗುರುತು. ‘ಗೊತ್ತಿಲ್ಲ’ ಅಂತಿರ್ಬಹುದು, ‘ಗಿರಾಕಿ ಬಂದಿಲ್ಲ’ ಅಂತಿರ್ಬಹುದು. ಬಸ್ ನಿಲ್ದಾಣದ ಅಂಗಡಿಯಲ್ಲಿ ಹತ್ತು ಸಾಲಿಗೆ ನಾಲ್ಕು ಹಾಗಿವೆ. ಅವನ್ನ ಬಿಟ್ಟು ನೋಡಿದ್ರೆ ಅಲ್ಲೂ ಆರೇ ದಿನ.”

ಟೈ ತನ್ನ ಟೈ ಸಡಿಲಿಸಿದ. ಅವನು ಹಾಗೆ ಮಾಡಿದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ.

“ಹಾಗಾದ್ರೆ ಆ ತೊಂಬತ್ತೊಂಬತ್ತರ ಅರ್ಥ ಏನು, ಹೇಳಿ,” ಎಂದರು ದೊಡ್ಡವರು.

“ನನಗೆ ಗೊತ್ತಿಲ್ಲ ಸರ್. ಅಲ್ಲೇ ಅಷ್ಟೊಂದು ಯಾಕಿವೆ ಅನ್ನೋದೂ ಗೊತ್ತಿಲ್ಲ. ಸೋಮವಾರ ನಾನು ಕೇಳಿದ್ದು ಅದನ್ನೇ.” ಅವಳು ತನ್ನ ಹಾಳೆಯನ್ನು ಅವರ ಮುಂದೆ ಸರಿಸಿದಳು.

ದೊಡ್ಡವರು ಹಾಳೆಯನ್ನು ತಿರುಗಿಸಿ ಹಿಂದುಗಡೆ ನೋಡಿದರು. ಅಲ್ಲೇನಾದರೂ ಚಾರ್ಟು ಇದ್ದೀತೆಂಬ ಆಸೆಯಿಂದ ಇರಬೇಕು. “ಮುಚ್ಚೋ ವಿಷಯ ಸದ್ಯಕ್ಕೆ ಬೇಡ,” ಎಂದು ಎದ್ದರು.

ಎಲ್ಲರೂ ಹೋದ ಮೇಲೆ ಅವಳನ್ನು ಒಳಗೆ ಕರೆದರು. ಕೋಪವಿರಲಿಲ್ಲ. ದೊಡ್ಡ ಮನಸ್ಸಿತ್ತು, ಅದು ಇನ್ನೂ ಕಷ್ಟ.

“ನೋಡಮ್ಮ, ನಿಮಗೆ ಬುದ್ಧಿ ಇದೆ. ಆ ಕುರ್ಚಿ ನಿಮಗೇ ಕೊಡೋಣ ಅಂತಿದೀನಿ. ಆದ್ರೆ ಒಂದು ಮಾತು. ಎಲ್ಲಕ್ಕೂ ನನ್ನ ಹತ್ರ ಹೇಳಿಸ್ಕೋಬಾರ್ದು, ನೀವೇ ಅರ್ಥ ಮಾಡ್ಕೋಬೇಕು. ನಮ್ಮನೆಯವಳನ್ನ ನೋಡಿ. ಮೂವತ್ತು ವರ್ಷ ಆಯ್ತು, ನಾನು ಬಾಯಿ ಬಿಡೋದೇ ಬೇಡ.”

ದೊಡ್ಡವರ ಕೋಣೆಯ ಗಾಜಿನ ಗೋಡೆಯಾಚೆ ಕುರ್ಚಿ ಕಾಣುತ್ತಿತ್ತು. ಅವಳಿಗೆ ಅದರ ಮೇಲೆ ಇದ್ದ ಆಸೆ ಹೋಗಿರಲಿಲ್ಲ. ಹೋಗಿದ್ದರೆ ಸುಲಭವಿತ್ತು. ‘ಆಗಲಿ ಸರ್’ ಎಂದು ಎರಡು ಪದ ಹೇಳಿದರೆ ಸಾಕಿತ್ತು. ಆ ಎರಡು ಪದಗಳನ್ನು ಅವಳು ಜೀವಮಾನವಿಡೀ ಹೇಳಿ ಅಭ್ಯಾಸವಿದ್ದವಳು. ತಾನು ಎಂದೂ ನೋಡದ ದೊಡ್ಡವರ ಹೆಂಡತಿ, ಎಲ್ಲೋ ಒಂದು ಅಡುಗೆಮನೆಯಲ್ಲಿ ಬಾಗಿಲ ಸದ್ದಿಗೆ ಕಿವಿಯಿಟ್ಟು ನಿಂತಂತೆ ಕಂಡಳು.

“ಹಾಗಿದ್ರೆ ಆ ಕುರ್ಚಿಗೆ ನಿಮ್ಮನೆಯವರೇ ಸರಿ ಸರ್,” ಎಂದಳು. “ನನಗೆ ಹೇಳ್ಬೇಕಾಗುತ್ತೆ.”

ಶುಕ್ರವಾರ ಟೈ ಮ್ಯಾನೇಜರ್ ಆದ. ಸಿಹಿ ಹಂಚಿದ. ಅವಳೂ ತಿಂದಳು.

ಮನೆಯಲ್ಲಿ ಗಂಡ ಅಂದು ಕೂಡ, “ಏನಾದ್ರೂ ಮಾಡು,” ಎಂದ. ಅವಳು ಒಲೆ ಹಚ್ಚಲಿಲ್ಲ. ಬಂದು ಅತ್ತೆಯ ಪಕ್ಕ ಕೂತು ಟಿವಿ ನೋಡಿದಳು. ಎಷ್ಟೋ ಹೊತ್ತಿನ ಮೇಲೆ ಅವನು, “ಅಡುಗೆ?” ಎಂದ.

“ಏನು ಅಂತ ನೀವು ಹೇಳಿಲ್ವಲ್ಲ.”

“ಹೇಳಪ್ಪಾ,” ಎಂದರು ಅತ್ತೆ. “ನಮಗೂ ಹಸಿವಾಗ್ತಿದೆ.”

ಸೋಮವಾರ ಟೈ ಕಿಟಕಿಯ ಕುರ್ಚಿಯಿಂದ ಎದ್ದು ಅವಳ ಮೇಜಿನ ಹತ್ತಿರ ಬಂದು ನಿಂತ. ದೊಡ್ಡವರ ಮೆಸೇಜಿದ್ದ ಫೋನು ಚಾಚಿದ. ‘ಇನ್ನೂ ಆಳವಾಗಿ ವಿಶ್ಲೇಷಿಸಿ.’ ಕೆಳಗೆ ಏನೂ ಇರಲಿಲ್ಲ.

“ಅಕ್ಕಾ, ಏನ್ ಬೇಕಂತೆ ಇವರಿಗೆ?”

“ಕೇಳು.”

“ಕೇಳ್ದೆ.”

“ಏನಂದ್ರು?”

ಟೈ ಕೈ ಎತ್ತಿ ಹೆಬ್ಬೆರಳು ತೋರಿಸಿದ. ಕೆಳಗೆ ಕಾರ್ಖಾನೆಯಲ್ಲಿ ಯಾರದೋ ಕಣ್ಣಿನ ಅಳತೆಗೆ ಸರಿಯಾಗಿ ಗಾಜು ಉಜ್ಜುವ ಸದ್ದು ನಡೆದೇ ಇತ್ತು. ಅವಳು ತನ್ನ ಹಾಳೆಯ ಇನ್ನೊಂದು ಪ್ರತಿ ತೆಗೆದು ಅವನ ಕೈಗಿಟ್ಟಳು.

“ತಗೋ. ಈ ಸಲ ನಿನ್ನ ಸಹಿ ಹಾಕು.”