ಪರದೆಯಾಚೆಯ ತೋಳು

ಹಜ್ ಹಡಗಿಗೆ ಇನ್ನೂ ಏಳು ವಾರ ಬಾಕಿ ಇತ್ತು. ಆದರೂ ಚಿದ್ರಿಯ ಅಮೀರ ಪಾಶಾರ ಮನೆಯಲ್ಲಿ ಆಗಲೇ ಗಡಿಬಿಡಿ ತುಂಬಿಕೊಂಡಿತ್ತು. ಅದಕ್ಕೆ ಕಾರಣ ಔರಾದಿನ ಕರೀಮ ಸಾಬರು. ಹೋದ ವರ್ಷ ಹಜ್ ಮುಗಿಸಿ ಬಂದಿದ್ದ ಅವರು, ಚಹಾ ಕುಡಿಯುತ್ತ ಪಾಶಾರ ನಿದ್ದೆ ಕೆಡಿಸಿ ಹೋಗಿದ್ದರು.

"ಸಿಡುಬು ಬರಬಾರದಂತ ದೇವಿ ಹಾಕಿಸಿದ ಕಾಗದ ಬೇಕು, ಕಾಲರಾ ಸೂಜಿಯ ಕಾಗದ ಬೇಕು. ಇಲ್ಲಂದ್ರ ಬಂಬೈ ಬಂದರದಾಗ ಹಡಗು ಹತ್ತಿಸಂಗಿಲ್ಲ. ನನ್ನ ಕಣ್ಣ ಮುಂದನ ಮೂರು ಮಂದಿ ಅಳಕೋತ ತಿರುಗಿ ಹೋದ್ರು. ದೇವಿ ಒಮ್ಮೊಮ್ಮೆ ಹತ್ತಂಗಿಲ್ಲ, ಬೊಕ್ಕಿ ಏಳಂಗಿಲ್ಲ, ಮತ್ತೊಮ್ಮೆ ಹಾಕಬೇಕಾಗ್ತದ. ಅದಕ್ಕ ಈಗಿಂದನ ಶುರು ಮಾಡ್ರಿ."

ಅಷ್ಟಕ್ಕೇ ನಿಲ್ಲಲಿಲ್ಲ ಅವರು. ತೊಗಲಿನ ಮಶಕದ ನೀರು ಕುಡಿಯಬೇಡಿ, ಕುದಿಸಿದ್ದನ್ನೇ ಕುಡಿಯಿರಿ; ಕೊಯ್ದಿಟ್ಟ ಕಲ್ಲಂಗಡಿ ಮುಟ್ಟಬೇಡಿ, ನೀವೇ ಸಿಪ್ಪೆ ಸುಲಿಯುವ ಹಣ್ಣು ತಿನ್ನಿ; ಊಟ ಹೊಗೆಯಾಡುವಷ್ಟು ಬಿಸಿ ಇರಲಿ ಎಂದೆಲ್ಲ ಹೇಳಿದ್ದರು.

ಪಕ್ಕದ ಮನೆಯ ಗುಂಡಮ್ಮ ಇದನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡು, ಯಾರೂ ಹೇಳದೆಯೇ ದಾರಿಬುತ್ತಿಯ ಕಡಕ ರೊಟ್ಟಿಯ ಕೆಲಸ ತನ್ನದೆಂದು ತೆಗೆದುಕೊಂಡಳು. ಪಾಶಾರ ಹೆಂಡತಿ ಅಜೀಜಾ ಬೇಗಂ ಈ ಓಣಿಗೆ ಸೊಸೆಯಾಗಿ ಬಂದ ದಿನದಿಂದ ಇಬ್ಬರ ನಡುವೆ ಗೋಡೆ ಇದ್ದದ್ದು ಹೆಸರಿಗೆ ಮಾತ್ರ. ಇಪ್ಪತ್ತು ವರ್ಷದಿಂದ ಅಜೀಜಾ ಹಜ್ಜಿನ ಕನಸು ಕಾಣುತ್ತಿದ್ದುದು ಗುಂಡಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಜೀಜಾ ಅಂದಿನಿಂದಲೇ ಕುದಿಸಿದ ನೀರಿನ ಅಭ್ಯಾಸಕ್ಕಿಳಿದಳು. "ಯಕ್ಕಾ, ಇದು ನೀರಲ್ಲ, ಜ್ವರ ಬಂದವರ ಬಾಯಿ" ಎಂದು ಮುಖ ಸಿಂಡರಿಸಿದರೂ ಬಿಡಲಿಲ್ಲ. ನೀರು ಕುಡಿದಾಳು, ಕಲ್ಲಂಗಡಿ ಬಿಟ್ಟಾಳು. ಆದರೆ ದೇವಿ ಹಾಕಿಸಿಕೊಳ್ಳುವ ಮಾತು ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ತವರೂರು ಭಾಲ್ಕಿಯಲ್ಲಿ ಚಿಕ್ಕಂದಿನಲ್ಲಿ ದೇವಿ ಹಾಕಿಸಿದ ಮೇಲೆ ತಮ್ಮನ ತೋಳು ಕೀವಾಗಿ, ಅವನು ತಿಂಗಳುಗಟ್ಟಲೆ ನರಳಿದ್ದನ್ನು ಅವಳು ಕಂಡಿದ್ದಳು.

ದೇವಿ ಹಾಕುವ ಮಡೆಪ್ಪ ಬರುವ ದಿನ ಬಂತು. ಹೈದರಾಬಾದಿನಿಂದ ಬಂದ ಮದ್ದಿನ ಗಾಜಿನ ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಣ್ಣಿನ ಕುಡಿಕೆಯಲ್ಲಿಟ್ಟು, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ. ಬಿಸಿಲು ತಾಗಿದರೆ ಮದ್ದು ಸತ್ತುಹೋಗುತ್ತದೆ.

ಮೊದಲು ಪಾಶಾ ಕೂತರು. ಕಣ್ಣು ಬಿಗಿಯಾಗಿ ಮುಚ್ಚಿ, "ಆಯ್ತೇನಪಾ?" ಎಂದರು.

"ಇನ್ನಾ ಸಾಬೂನು ಹಚ್ಚಾಕತ್ತೇನಿ ಸಾಹೇಬರ."

"ಈಗರೆ ಆಯ್ತಾ?"

"ತೋಳು ಒರಸಾಕತ್ತೇನಿ."

"ಯಾ ಅಲ್ಲಾ, ಏನು ಉರಿ!"

"ಅದು ನಿಮ್ಮ ಮೀಸಿ ನೀವ ಜಗ್ಗಿಕೊಂಡಿದ್ದಕ್ಕ ರೀ."

ಒಳಗೆ ಪರದೆಯ ಹಿಂದೆ ಗುಂಡಮ್ಮನ ಜೊತೆ ಕೂತಿದ್ದ ಅಜೀಜಾ ಇದನ್ನು ಕೇಳಿ ಇನ್ನಷ್ಟು ಹಿಂದಕ್ಕೆ ಸರಿದಳು. ಪರದೆಯ ಸಂದಿನಿಂದ ತೋಳಷ್ಟೇ ಹೊರಗೆ ಚಾಚಬೇಕೆಂದು ಮೊದಲೇ ಮಾತಾಗಿತ್ತು. "ಬೇಗಂ ಸಾಹೇಬರ, ಕೈ ಕೊಡ್ರಿ" ಎಂದು ಮಡೆಪ್ಪ ಕರೆದ. ಅಜೀಜಾ ಗುಂಡಮ್ಮನ ಸೆರಗು ಹಿಡಿದು ಅಳತೊಡಗಿದಳು.

ಗುಂಡಮ್ಮನೂ ದೇವಿ ಹಾಕಿಸಿಕೊಂಡವಳಲ್ಲ. ಎಳವೆಯಲ್ಲಿ ದೇವಿ ಹಾಕುವವ ಊರಿಗೆ ಬಂದಾಗಲೆಲ್ಲ ಅವಳ ಅಜ್ಜಿ ಅವಳನ್ನು ಜೋಳದ ಕಣಜದಲ್ಲಿ ಇಳಿಸಿ ಮುಚ್ಚಳ ಹಾಕುತ್ತಿದ್ದಳು. ಈಗ ಐವತ್ತರ ಗುಂಡಮ್ಮ ಅಜೀಜಾಳ ಮುಖ ನೋಡಿದಳು, ಪರದೆ ನೋಡಿದಳು. ಆಮೇಲೆ ಹೆಚ್ಚು ಯೋಚಿಸದೆ ತನ್ನದೇ ಎಡತೋಳನ್ನು ಸಂದಿನಿಂದ ಹೊರಗೆ ಚಾಚಿಬಿಟ್ಟಳು.

ಮಡೆಪ್ಪ ಆ ತೋಳನ್ನು ಒಮ್ಮೆ ತಿರುಗಿಸಿ ನೋಡಿದ. ಆಮೇಲೆ ಮದ್ದು ಹಚ್ಚಿ ಗೀರಿದ. "ಒಣಗೋ ತನಕ ಒರಸಬ್ಯಾಡ್ರಿ. ಅರಿಶಿಣ, ಬೂದಿ ಏನೂ ಹಚ್ಚಬ್ಯಾಡ್ರಿ. ಎಂಟನೇ ದಿನಕ್ಕ ಬಂದು ನೋಡ್ತೇನಿ" ಎಂದು ಹೇಳಿ ಭಾಲ್ಕಿಯ ದಾರಿ ಹಿಡಿದ.

ಗುಂಡಮ್ಮನಿಗೆ ದೇವಿ ಚೆನ್ನಾಗಿಯೇ ಹತ್ತಿತು. ಬೊಕ್ಕೆ ಎದ್ದು, ಮೈ ಬಿಸಿಯಾಗಿ, ಎರಡು ದಿನ ಮಲಗಿದಳು. ಅಜೀಜಾ ಪಶ್ಚಾತ್ತಾಪದಿಂದ ಎರಡು ಹೊತ್ತೂ ಗಂಜಿ ತಂದಳು. ಕುದಿಸಿದ ನೀರನ್ನೂ ತಂದಳು. ಅದನ್ನು ಕುಡಿದ ಮೇಲೆ ಆ ಮುಖ ಸಿಂಡರಿಕೆ ಏಕೆಂದು ಗುಂಡಮ್ಮನಿಗೆ ಅರ್ಥವಾಯಿತು.

ಎಂಟನೇ ದಿನ ಮಡೆಪ್ಪ ಬಂದ. ಪಾಶಾರ ಬೊಕ್ಕೆ ನೋಡಿ ತಲೆಯಾಡಿಸಿದ. ಪರದೆಯ ಸಂದಿನಿಂದ ಮತ್ತೆ ಅದೇ ತೋಳು ಬಂತು. ಅದನ್ನೂ ನೋಡಿ, ಕಾಗದ ತೆಗೆದು ಗಟ್ಟಿಯಾಗಿ ಓದುತ್ತ ಬರೆಯತೊಡಗಿದ.

"ಅಜೀಜಾ ಬೇಗಂ, ಅಮೀರ ಪಾಶಾರ ಮನಿಯವರು. ವಯಸ್ಸು ನಲವತ್ತು. ದೇವಿ ಹತ್ತ್ಯದ. ಮೈಮ್ಯಾಲಿನ ಗುರುತು: ಎಡ ಮುಂಗೈಮ್ಯಾಲ ಚೇಳಿನ ಹಚ್ಚಿ, ಅದರ ಸುತ್ತ ಐದು ಚುಕ್ಕಿ."

ಪಾಶಾ ಬಾಯಿಗೆ ಒಯ್ದ ಎಲೆಯಡಿಕೆಯನ್ನು ಅಲ್ಲೇ ನಿಲ್ಲಿಸಿದರು. "ಏನಂದಿ? ನಮ್ಮ ಬೇಗಂಗ ಚೇಳು ಯಾವಾಗ ಬಂತು?"

"ಅದನ್ನ ನೀವ ಹೇಳಬೇಕ್ರಿ. ಸಂಸಾರ ನಿಮ್ಮದು."

ಪರದೆಯ ಹಿಂದೆ ಗುಂಡಮ್ಮ ತೋಳನ್ನು ಸರಕ್ಕನೆ ಒಳಗೆಳೆದುಕೊಂಡಳು. ಹುಟ್ಟಿನಷ್ಟೇ ಹಳೆಯದೆನಿಸುವ ಆ ಹಚ್ಚೆ ತನ್ನ ಮೈಮೇಲಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ಮಡೆಪ್ಪಾ," ಎಂದಳು ಒಳಗಿನಿಂದಲೇ, "ಆ ಚೇಳು ನಂದು ನೋಡಪಾ."

"ಗೊತ್ತದ ಗುಂಡವ್ವಾ. ಮೊದಲನೇ ದಿನನ ಗೊತ್ತಾಗ್ಯದ. ಸುಮ್ಮನ ಯಾಕಿದ್ದೆ ಅಂದ್ರ, ನಿನಗೂ ದೇವಿ ಹಾಕಿರಲಿಲ್ಲ. ನಾನಾಗಿ ಕೇಳಿದ್ರ ಈ ಜನ್ಮದಾಗ ತೋಳು ಕೊಡತಿದ್ದೇನು?" ಆಮೇಲೆ ದನಿ ತಗ್ಗಿಸಿದ. "ಆದರ ಸುಳ್ಳು ಕಾಗದ ಬರೆಯಂಗಿಲ್ಲ. ಬಂಬೈದಾಗ ಡಾಕ್ಟರಿಣಿ ಬೇಗಂ ಸಾಹೇಬರ ತೋಳು ತೆರೆದು ನೋಡ್ತಾಳ. ಗಾಯದ ಗುರುತು ಇಲ್ಲಂದ್ರ ಹಡಗು ಇಲ್ಲ. ಕಾಗದ ಹೋಗ್ಲಿ, ಸಾವಿರ ಮಂದಿ ಉಸಿರಾಡೋ ಹಡಗಿನ್ಯಾಗ ಸಿಡುಬು ಬಂದ್ರ ಗುಂಡವ್ವನ ತೋಳು ಅವರನ್ನ ಕಾಯಂಗಿಲ್ಲಲ್ಲ."

ಪಾಶಾ ಪರದೆಯ ಕಡೆ ತಿರುಗಿ ಏನೋ ಹೇಳಹೊರಟವರು, ಒಳಗಿನ ಬಿಕ್ಕು ಕೇಳಿ ಮಡೆಪ್ಪನ ಕಡೆಗೇ ಮುಖ ತಿರುಗಿಸಿದರು. "ಮತ್ತ ಹಾಕಾಕ ದಿನ ಅವ ಏನು?" ಎಂದಷ್ಟೇ ಕೇಳಿದರು.

"ಅವ್ರಿ. ಇವತ್ತು ಹಾಕಿದ್ರ ಇನ್ನ ಎಂಟು ದಿನಕ್ಕ ಹತ್ತ್ಯದೋ ಇಲ್ಲೋ ತಿಳೀತದ. ಆಮ್ಯಾಲ ಕಾಲರಾ ಸೂಜಿ ಎರಡು, ನಡುವ ಎಂಟು ದಿನ. ಆದರ ನನ್ನ ಹತ್ತಿರ ಇರೋದು ಒಂದ ನಳಿಗಿ. ಈ ಬಿಸಿಲಾಗ ನಾಳಿ ತನಕ ಉಳಿಯಂಗಿಲ್ಲ. ಹೊಸದು ಯಾವಾಗ ಬರ್ತದ, ಹೇಳಾಕ ಆಗಂಗಿಲ್ಲ."

ಒಳಗೆ ಗುಂಡಮ್ಮ ಅಜೀಜಾಳ ಪಕ್ಕ ಕೂತಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಕುಪ್ಪಸದ ತೋಳು ಸರಿಸಿ ತನ್ನ ಬೊಕ್ಕೆ ತೋರಿಸಿದಳು.

"ನೋಡು ತಂಗಿ. ಇಷ್ಟ. ಕಡಿತದ, ಖರೇನ. ಬಂಬೈಗಿ ನಾ ಬರಾಕ ಆಗಂಗಿಲ್ಲ, ಅಲ್ಲಿ ಯಾರ ತೋಳು ಕೊಡತೀ?"

"ನನ್ನ ತೋಳೂ ಕೀವಾದ್ರ, ಯಕ್ಕಾ?"

"ದಿನಾ ನಾ ಬಂದು ನೋಡ್ತೇನಿ. ಕೀವಾಯ್ತಂದ್ರ ಮಡೆಪ್ಪನ ಹಿಡಿದು ಅದ ಕುಡಿಕ್ಯಾಗ ಕುಂದರಸ್ತೇನಿ."

ಹೊರಗಿನಿಂದ ಮಡೆಪ್ಪ, "ಕುಡಿಕಿ ಸಣ್ಣದದ ಯವ್ವಾ!" ಎಂದ. ಅಜೀಜಾಳ ಅಳುವಿನ ನಡುವೆ ನಗು ಒಡೆಯಿತು. ಆ ನಗು ಆರುವ ಮುನ್ನವೇ ಬಿಳಿಚಿದ, ಹಚ್ಚೆಯಿಲ್ಲದ ತೋಳೊಂದು ಪರದೆಯಿಂದ ಹೊರಬಂತು. ಅದರ ಬೆನ್ನಿಗೇ ಚೇಳಿನ ಹಚ್ಚೆಯ ಕೈಯೂ ಬಂದು ಅದರ ಬೆರಳುಗಳನ್ನು ಹಿಡಿದುಕೊಂಡಿತು. ಮಡೆಪ್ಪ ಸಾಬೂನಿನ ನೀರನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಚ್ಚಿ, ಆಮೇಲೆ ದೇವಿ ಹಾಕಿದ.

ಮುಂದಿನ ಎಂಟು ದಿನ ಗುಂಡಮ್ಮ ಬೆಳಗೆದ್ದರೆ ಮೊದಲು ಆ ತೋಳು ನೋಡುವಳು, ಆಮೇಲೆ ಲಿಂಗಪೂಜೆಗೆ ಕೂರುವಳು. ಮೂರನೇ ದಿನ ಏನೂ ಇರಲಿಲ್ಲ. ಅಜೀಜಾ ಊಟ ಬಿಟ್ಟಳು. ಸೂಜಿಗೆ ಹೆದರಿದವಳು ಈಗ ಬೊಕ್ಕೆ ಏಳಲಿಲ್ಲವೆಂದು ಅತ್ತಳು. ನಾಲ್ಕನೇ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಕೂಗು ಬಂತು.

"ಯಕ್ಕಾ! ಲಗೂ ಬಾ! ಕಡೀತದ!"

ಗುಂಡಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿದಳು. ಅಜೀಜಾಳ ಬಿಳಿಯ ತೋಳಿನ ಮೇಲೆ ಕೆಂಪಗೆ, ಜೋಳದ ಕಾಳಿನಷ್ಟು ಗುಳ್ಳೆಯೊಂದು ಎದ್ದಿತ್ತು. ಇಬ್ಬರೂ ಅದನ್ನು ಮುಟ್ಟದೆ, ಹೊಸ ಕೂಸಿನ ಮುಖ ನೋಡುವಂತೆ ಬಾಗಿ ನೋಡಿದರು.

"ತುರಸಬ್ಯಾಡ," ಎಂದಳು ಗುಂಡಮ್ಮ, "ಹಡಗು ಅದರ ಮ್ಯಾಲ ನಿಂತದ."